ಮಕ್ಕಳ ಚಪ್ಪಟೆ ಪಾದ: ಯಾವುದನ್ನು ಬಿಟ್ಟುಬಿಡಬೇಕು, ಯಾವುದಕ್ಕೆ ಕೈಹಾಕಬೇಕು

ಎಲ್ಲರಿಗೂ ನಮಸ್ಕಾರ.

ಸ್ನಾನ ಮುಗಿಸಿ ಬಂದ ಮಗು ನೆಲದ ಮೇಲೆ ಒದ್ದೆ ಹೆಜ್ಜೆ ಇಟ್ಟಾಗ ನಡುವೆ ಒಳಬಾಗು ಇಲ್ಲದೆ ಇಡೀ ಅಂಗಾಲು ಮೂಡುತ್ತದೆ. ಅದನ್ನು ಕಂಡ ತಂದೆತಾಯಿ ಗಾಬರಿಯಾಗಿ ಬರುತ್ತಾರೆ. ಹೀಗೆ ಬರುವ ಮಕ್ಕಳಲ್ಲಿ ಬಹುಪಾಲು ಮಂದಿಗೆ ಯಾವ ಚಿಕಿತ್ಸೆಯೂ ಬೇಡ. ಆದರೆ ಅವರ ನಡುವೆ ನಿಜಕ್ಕೂ ನೋವುಣ್ಣುವ ಕೆಲವರಿರುತ್ತಾರೆ, ಅವರನ್ನು ಹೆಜ್ಜೆಗುರುತು ನೋಡಿ ಗುರುತಿಸಲಾಗದು. ಗುರುತಿಸುವುದು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜಿನಿಂದ, ಅಂದರೆ ಅಕಿಲಿಸ್ ರಜ್ಜಿನಿಂದ. ಇಂದಿನ ಮಾತೆಲ್ಲ ಆ ರಜ್ಜಿನ ಸುತ್ತಲೇ.

ಮೊದಲು ವಯಸ್ಸಿನ ಮಾತು. ನಡೆಯಲು ಕಲಿತ ಮಗುವಿನ ಪಾದದಲ್ಲಿ ಕೊಬ್ಬು ಹೆಚ್ಚು, ಕೀಲುಗಳ ಕಟ್ಟುಗಳು ಸಡಿಲ. ನಿಂತಾಗ ಪಾದ ಚಪ್ಪಟೆಯಾಗುವುದೇ ಸಹಜ. ಕಮಾನು ಮೊದಲ ಹತ್ತು ವರ್ಷಗಳಲ್ಲಿ ತಾನಾಗಿ ಮೂಡುತ್ತದೆ. ಆಸ್ಟ್ರಿಯಾದಲ್ಲಿ 3ರಿಂದ 6 ವರ್ಷದ 835 ಮಕ್ಕಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ವರ್ಷದವರಲ್ಲಿ ಶೇ. 54 ಮಂದಿಗೆ ಚಪ್ಪಟೆ ಪಾದವಿತ್ತು, ಆರು ವರ್ಷದವರಲ್ಲಿ ಶೇ. 24 ಮಂದಿಗೆ. ಮೈತೂಕ ಹೆಚ್ಚಿದ್ದ ಮಕ್ಕಳಲ್ಲಿ ಪ್ರಮಾಣ ಇನ್ನೂ ಹೆಚ್ಚು.

ನಮ್ಮಲ್ಲಿಯದೇ ಒಂದು ಅಧ್ಯಯನ ಜಗತ್ತಿನ ಮೂಳೆತಜ್ಞರೆಲ್ಲ ಓದಿದಂಥದ್ದು. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6 ಮಂದಿಗೆ ಚಪ್ಪಟೆ ಪಾದ, ಬರಿಗಾಲಿನ ಮಕ್ಕಳಲ್ಲಿ ಶೇ. 2.8 ಮಂದಿಗೆ. ಅದರಲ್ಲೂ ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಹೆಚ್ಚು, ಚಪ್ಪಲಿ, ಸ್ಯಾಂಡಲ್ ಹಾಕುವವರಲ್ಲಿ ಕಡಿಮೆ. ಇದರಿಂದ ಬೂಟೇ ಕಾರಣವೆಂದು ಸಾಬೀತಾಗುವುದಿಲ್ಲ. ಆದರೂ ಎರಡು ವರ್ಷದ ಮಗುವಿಗೆ ಕಮಾನು ಬರಲೆಂದು ಗಟ್ಟಿ ಬೂಟು ಕೊಡಿಸುವುದಕ್ಕೆ ಮಾತ್ರ ಯಾವ ಆಧಾರವೂ ಉಳಿಯುವುದಿಲ್ಲ. 1989ರಲ್ಲಿ ಅಮೆರಿಕದ ವೆಂಗರ್ ಮತ್ತು ಸಂಗಡಿಗರು ಇದನ್ನು ನೇರವಾಗಿಯೇ ಪರೀಕ್ಷಿಸಿದರು. ಚಿಕ್ಕಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ವಿಶೇಷ ಬೂಟು, ಕೆಲವರಿಗೆ ಒಳಗಿಡುವ ಅಚ್ಚು, ಉಳಿದವರಿಗೆ ಏನೂ ಇಲ್ಲ. ಮೂರು ವರ್ಷ ಕಳೆದ ಮೇಲೆ ಎಕ್ಸ್‌ರೇಯಲ್ಲಿ ಎಲ್ಲ ಗುಂಪುಗಳ ಪಾದವೂ ಸುಧಾರಿಸಿತ್ತು, ಏನೂ ಹಾಕದಿದ್ದವರದ್ದೂ ಅಷ್ಟೇ.

ಈಗ ಪರೀಕ್ಷೆಗೆ ಬರೋಣ. ಮಗುವಿನ ಚಡ್ಡಿ ಮೊಣಕಾಲಿನ ಮೇಲಿರಲಿ, ಕಾಲು ಬರಿಯದಾಗಿರಲಿ. ಹಿಂದಿನಿಂದ ನೋಡಿ: ಹಿಮ್ಮಡಿ ಹೊರಕ್ಕೆ ವಾಲಿದೆಯೇ, ಪಾದದ ಹೊರಬದಿಯಲ್ಲಿ ಒಂದೆರಡಕ್ಕಿಂತ ಹೆಚ್ಚು ಬೆರಳು ಇಣುಕುತ್ತಿವೆಯೇ? ಇವಿಷ್ಟು ಪಾದ ಚಪ್ಪಟೆ ಎಂದು ಹೇಳುತ್ತವೆ. ಮುಂದಿನ ಪ್ರಶ್ನೆ, ಅದು ಸಡಿಲವೋ ಸೆಟೆದದ್ದೋ ಎಂಬುದು. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ. ಸಡಿಲ ಪಾದದಲ್ಲಿ ಕಮಾನು ಎದ್ದು ನಿಲ್ಲುತ್ತದೆ, ಹೊರಕ್ಕೆ ವಾಲಿದ್ದ ಹಿಮ್ಮಡಿ ಒಳಕ್ಕೆ ತಿರುಗುತ್ತದೆ. ತುದಿಗಾಲಲ್ಲಿ ನಿಲ್ಲಲಾಗದ ಚಿಕ್ಕ ಮಗುವಾದರೆ, ನಿಂತಂತೆಯೇ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ. ಅಂಗಾಲಿನ ಗಟ್ಟಿ ಪೊರೆ ಹಗ್ಗದಂತೆ ಬಿಗಿದುಕೊಂಡು ಕಮಾನನ್ನು ಎಬ್ಬಿಸುತ್ತದೆ. ಇದು ಜ್ಯಾಕ್ ಪರೀಕ್ಷೆ.

ಎರಡರಲ್ಲೂ ಕಮಾನು ಏಳದಿದ್ದರೆ ಅದು ಇಂದಿನ ವಿಷಯವಲ್ಲ. ಹಿಂಪಾದದ ಎರಡು ಮೂಳೆಗಳು ಅಂಟಿಕೊಂಡಿರಬಹುದು. ಇದು ಸಾಮಾನ್ಯವಾಗಿ 8ರಿಂದ 16ರ ನಡುವೆ ನೋವಾಗಿ ಹೊರಬೀಳುತ್ತದೆ, ಪದೇಪದೇ ಕಾಲು ಉಳುಕುವುದೂ ಅದರ ಲಕ್ಷಣ. ಒಂದೇ ಕಾಲು ಚಪ್ಪಟೆ, ರಾತ್ರಿ ಎಬ್ಬಿಸುವ ನೋವು, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏಳುವುದು: ಇವು ಯಾವುವೂ ಸಾಮಾನ್ಯ ಚಪ್ಪಟೆ ಪಾದದ ಲಕ್ಷಣಗಳಲ್ಲ, ಬೇರೆ ತಪಾಸಣೆ ಬೇಕು.

ಸಡಿಲ ಎಂದು ಗೊತ್ತಾದ ಮೇಲೆ ಅನೇಕರು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಮುಖ್ಯ ಹೆಜ್ಜೆ ಉಳಿದೇ ಇದೆ.

ಮಗುವನ್ನು ಅಂಗಾತ ಮಲಗಿಸಿ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಒಳಕ್ಕೆ ತಿರುಗಿಸಿ ನೇರಕ್ಕೆ ತನ್ನಿ, ಅಲ್ಲೇ ಹಿಡಿದಿಡಿ. ಮೊಣಕಾಲು ಮಡಿಸಿ ಪಾದವನ್ನು ಮೇಲಕ್ಕೆ ಬಾಗಿಸಿ, ಕೋನ ನೋಡಿಕೊಳ್ಳಿ. ಹಿಮ್ಮಡಿಯ ಹಿಡಿತ ಬಿಡದೆ ಈಗ ಮೊಣಕಾಲನ್ನು ಪೂರ್ತಿ ನೀಡಿ, ಮತ್ತೆ ನೋಡಿ. ಮೊಣಕಾಲು ನೀಡಿದಾಗ ಪಾದ ಲಂಬಕೋನ ದಾಟಿ ಕನಿಷ್ಠ 10 ಡಿಗ್ರಿ ಮೇಲೆ ಬರಬೇಕು. ಮಡಿಸಿದಾಗ ಬಂದು ನೀಡಿದಾಗ ಬಾರದಿದ್ದರೆ ಮೀನಖಂಡದ ಮೇಲಿನ ಸ್ನಾಯು ಮಾತ್ರ ಗಿಡ್ಡ. ಎರಡರಲ್ಲೂ ಬಾರದಿದ್ದರೆ ಅಕಿಲಿಸ್ ರಜ್ಜೇ ಗಿಡ್ಡ.

ಹಿಮ್ಮಡಿ ಹಿಡಿಯದೆ ಮಾಡಿದರೆ ಈ ಪರೀಕ್ಷೆ ಮೋಸಮಾಡುತ್ತದೆ. ಹಿಮ್ಮಡಿ ಹೊರಕ್ಕೆ ಜಾರಿ ಪಾದ ನಡುವೆಯೇ ಮುರಿದಂತೆ ಮಡಚಿಕೊಳ್ಳುತ್ತದೆ, ಕಣಕಾಲಿನ ಕೀಲೇ ಬಾಗಿದಂತೆ ನಮಗೆ ಕಾಣುತ್ತದೆ. ಕುಕ್ಕರಗಾಲಲ್ಲಿ ಕೂರಬಲ್ಲ ಮಗುವಿಗೆ ರಜ್ಜು ಗಿಡ್ಡವಿರಲಾರದು ಎಂದುಕೊಳ್ಳುವುದೂ ಇದೇ ಕಾರಣಕ್ಕೆ ತಪ್ಪು. ಪಾದದ ನಡು ಕುಸಿದರೆ ಕೂರುವುದು ಸಾಧ್ಯವಾಗುತ್ತದೆ. ಅಲ್ಲದೆ ಕುಕ್ಕರಗಾಲಲ್ಲಿ ಮೊಣಕಾಲು ಮಡಚಿರುತ್ತದೆ, ಮೇಲಿನ ಸ್ನಾಯು ಸಡಿಲವಾಗಿರುತ್ತದೆ.

ರಜ್ಜು ಗಿಡ್ಡವಿದ್ದರೆ ನೋವೇಕೆ? ನಡೆಯುವಾಗ ಪಾದ ಊರಿದ ಮೇಲೆ ಮುಂಗಾಲ ಮೂಳೆ ಅದರ ಮೇಲೆ ಮುಂದಕ್ಕೆ ಬಾಗಬೇಕು. ಕಣಕಾಲಿನ ಕೀಲಿಗೆ ರಜ್ಜು ಅಡ್ಡ ನಿಂತರೆ ದೇಹ ಬೇರೆ ದಾರಿ ಹುಡುಕುತ್ತದೆ. ಅದರ ಕೆಳಗಿನ ಕೀಲು ಹೊರಕ್ಕೆ ತಿರುಗುತ್ತದೆ, ತಾಲಸ್ ಮೂಳೆಯ ತಲೆ ಒಳಬದಿಯಲ್ಲಿ ಅಂಗಾಲಿನತ್ತ ಇಳಿದು ಪ್ರತಿ ಹೆಜ್ಜೆಗೂ ನೆಲಕ್ಕೆ ಒತ್ತುತ್ತದೆ. ಅಲ್ಲಿ ಚರ್ಮ ಕೆಂಪಾಗಿ ಜಡ್ಡುಗಟ್ಟುತ್ತದೆ. ಕೆಲವರಿಗೆ ಹೊರಬದಿಯಲ್ಲಿ, ಕಣಕಾಲಿನ ಗಿಣ್ಣಿನ ಮುಂದೆ, ಮೂಳೆಗೆ ಮೂಳೆ ತಾಗಿ ನೋಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆನಡಾದ ಸೈನಿಕರ ಪಾದಗಳನ್ನು ಪರೀಕ್ಷಿಸಿದ ಹ್ಯಾರಿಸ್ ಮತ್ತು ಬೀತ್ ಈ ಭೇದವನ್ನು ಸ್ಪಷ್ಟವಾಗಿ ಬರೆದಿಟ್ಟರು: ಸಡಿಲವಾಗಿದ್ದು ರಜ್ಜೂ ಉದ್ದವಿದ್ದರೆ ಆ ಚಪ್ಪಟೆ ಪಾದ ತೊಂದರೆ ಕೊಡುವುದಿಲ್ಲ, ರಜ್ಜು ಗಿಡ್ಡವಿದ್ದದ್ದು ಕೊಡಬಲ್ಲದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹನ್ನೆರಡು ವರ್ಷದ ಹುಡುಗ. ಆಟದ ಪಿರಿಯಡ್‌ನಲ್ಲಿ ಹದಿನೈದು ನಿಮಿಷ ಓಡಿದರೆ ಎರಡೂ ಪಾದಗಳ ಒಳಬದಿ ನೋವು. ಒಂದು ವರ್ಷದಿಂದ ಗಟ್ಟಿ ಪ್ಲಾಸ್ಟಿಕ್ಕಿನ ಕಮಾನು ಅಚ್ಚು ಹಾಕುತ್ತಿದ್ದಾನೆ, ಹಾಕಿದ ಮೇಲೆ ನೋವು ಹೆಚ್ಚೇ ಆಗಿದೆ. ತುದಿಗಾಲಲ್ಲಿ ಕಮಾನು ಏಳುತ್ತದೆ. ಹಿಮ್ಮಡಿ ನೇರ ಹಿಡಿದರೆ, ಮೊಣಕಾಲು ಮಡಿಸಿದಾಗ 15 ಡಿಗ್ರಿ ಬರುತ್ತದೆ. ನೀಡಿದಾಗ ಲಂಬಕೋನಕ್ಕೆ 5 ಡಿಗ್ರಿ ಕಡಿಮೆಯಲ್ಲೇ ನಿಲ್ಲುತ್ತದೆ. ಮೀನಖಂಡದ ಮೇಲಿನ ಸ್ನಾಯು ಗಿಡ್ಡ ಎಂದು ಇದರಿಂದಲೇ ತಿಳಿಯಿತು. ಅಚ್ಚಿನಿಂದ ನೋವು ಹೆಚ್ಚಿದ್ದೇಕೆ ಎಂಬುದಕ್ಕೂ ಉತ್ತರ ಸಿಕ್ಕಿತು: ರಜ್ಜು ತಾಲಸನ್ನು ಕೆಳಕ್ಕೆ ಒತ್ತುತ್ತಿದೆ, ಗಟ್ಟಿ ಅಚ್ಚು ಕೆಳಗಿನಿಂದ ಮೇಲಕ್ಕೆ ಒತ್ತುತ್ತಿದೆ, ನಡುವಿನ ಚರ್ಮ ಜಜ್ಜಿಹೋಗುತ್ತಿದೆ.

ಮೊದಲು ಆ ಅಚ್ಚು ತೆಗೆಸಿ. ಬೇಕಿದ್ದರೆ ಮೆತ್ತನೆಯ ಒಳಹಾಸು ಸಾಕು. ಅದು ನೋವು ತಗ್ಗಿಸುತ್ತದೆ, ಕಮಾನು ಕಟ್ಟುವುದಿಲ್ಲ, ಇದನ್ನು ಮನೆಯವರಿಗೆ ಮೊದಲೇ ಹೇಳಬೇಕು. ಜೊತೆಗೆ ಮೀನಖಂಡ ಎಳೆಯುವ ವ್ಯಾಯಾಮ. ಗೋಡೆಗೆ ಕೈಯೂರಿ, ಒಂದು ಕಾಲು ಹಿಂದಿಟ್ಟು, ಹಿಂದಿನ ಮೊಣಕಾಲು ನೇರವಾಗಿಟ್ಟು, ಹಿಮ್ಮಡಿ ಎತ್ತದೆ ಮುಂದಕ್ಕೆ ವಾಲುವುದು. ಹಿಂದಿನ ಪಾದದ ಬೆರಳುಗಳು ಸ್ವಲ್ಪ ಒಳಮುಖವಾಗಿರಲಿ, ಪಾದದ ಒಳಅಂಚಿನ ಕೆಳಗೆ ಮಡಿಸಿದ ಟವೆಲ್ ಇರಲಿ. ಇವೆರಡೂ ಇಲ್ಲದಿದ್ದರೆ ಎಳೆತವೆಲ್ಲ ಪಾದದ ನಡುವಿಗೆ ಬಿದ್ದು ಕಮಾನು ಇನ್ನಷ್ಟು ಕುಸಿಯುತ್ತದೆ. ಒಂದು ಸಲಕ್ಕೆ 30 ಸೆಕೆಂಡು, ಐದು ಸಲ, ಬೆಳಿಗ್ಗೆ ಸಂಜೆ, ತಿಂಗಳುಗಟ್ಟಲೆ. ಎರಡು ವಾರ ಮಾಡಿ ಫಲವಿಲ್ಲ ಎನ್ನುವುದು ಸರಿಯಲ್ಲ.

ಆರು ತಿಂಗಳು ಹೀಗೆ ನಿಷ್ಠೆಯಿಂದ ಮಾಡಿದರೂ ನೋವು ಓಟಕ್ಕೆ, ನಡಿಗೆಗೆ ಅಡ್ಡಿಯಾಗುತ್ತಲೇ ಇದ್ದರೆ ಆಗ ಶಸ್ತ್ರಕ್ರಿಯೆಯ ಮಾತು. ಪಾದ ನೋಡಲು ಚೆನ್ನಾಗಿಲ್ಲ ಎಂಬುದು ಕಾರಣವಾಗದು. ನೋವಿಲ್ಲದ ಪಾದಕ್ಕೆ ಚಾಕು ಹಾಕಬಾರದು ಎಂಬ ಮಾತಿನಲ್ಲಿ ರಾಜಿಯಿಲ್ಲ. ನಿಂತ ಭಂಗಿಯ ಎಕ್ಸ್‌ರೇ ಬೇಕಾಗುವುದೂ ಈ ಹಂತದಲ್ಲಿ, ಮಲಗಿಸಿ ತೆಗೆದದ್ದರಲ್ಲಿ ಕುಸಿತ ಕಾಣುವುದಿಲ್ಲ.

ಹೆಚ್ಚು ನಂಬಿಕೆಗೆ ಪಾತ್ರವಾದ ಶಸ್ತ್ರಕ್ರಿಯೆ ಹಿಮ್ಮಡಿ ಮೂಳೆಯನ್ನು ಉದ್ದ ಮಾಡುವುದು. ಇವಾನ್ಸ್ 1975ರಲ್ಲಿ ವಿವರಿಸಿದ್ದನ್ನು ಮಾಸ್ಕಾ 1995ರಲ್ಲಿ ತಿದ್ದಿ ವಿಸ್ತರಿಸಿದರು. ಪಾದದ ಹೊರಬದಿಯಿಂದ, ಹಿಮ್ಮಡಿ ಮೂಳೆ ಮುಂದಿನ ಕ್ಯೂಬಾಯ್ಡ್ ಮೂಳೆಗೆ ಸೇರುವ ಕೀಲಿಗಿಂತ ಸುಮಾರು ಒಂದೂವರೆ ಸೆಂಟಿಮೀಟರ್ ಹಿಂದೆ ಮೂಳೆ ಕತ್ತರಿಸಿ, ಬಿರುಕು ಅಗಲಿಸಿ, ಸೊಂಟದ ಮೂಳೆಯಿಂದ ತೆಗೆದ ಅಥವಾ ಮೂಳೆ ಬ್ಯಾಂಕಿನ ಬೆಣೆ ಕೂರಿಸುತ್ತಾರೆ. ಬೆಣೆ ಹೊರಬದಿಯಲ್ಲಿ 10ರಿಂದ 12 ಮಿಲಿಮೀಟರ್, ಒಳಬದಿಯಲ್ಲಿ ಸುಮಾರು 4. ಹೊರಅಂಚು ಉದ್ದವಾದಾಗ ಮುಂಪಾದ ಒಳಕ್ಕೆ ತಿರುಗಿ ತಾಲಸ್ ತಲೆಯನ್ನು ಮತ್ತೆ ಆವರಿಸುತ್ತದೆ. ಯಾವ ಕೀಲನ್ನೂ ಬೆಸೆಯುವುದಿಲ್ಲ, ಹಿಂಪಾದದ ಚಲನೆ ಉಳಿಯುತ್ತದೆ.

ಇದು ಕೆಡುವುದು ಹೀಗೆ. ಬಿರುಕು ಅಗಲಿಸುವಾಗ ಮುಂದಿನ ತುಂಡು ಕ್ಯೂಬಾಯ್ಡ್ ಕೀಲಿನಲ್ಲಿ ಮೇಲಕ್ಕೆ ಜಾರುತ್ತದೆ. ಅದಕ್ಕೇ ಅಗಲಿಸುವ ಮೊದಲೇ ಆ ಕೀಲಿಗೆ ತಂತಿ ಹಾಕಿ ನಿಲ್ಲಿಸಬೇಕು. ಹೊರಬದಿಯ ಪೆರೋನಿಯಸ್ ಬ್ರೆವಿಸ್ ರಜ್ಜನ್ನು ಉದ್ದ ಮಾಡದಿದ್ದರೆ ಬಿರುಕು ತೆರೆಯುವುದೇ ಇಲ್ಲ. ಪಕ್ಕದ ಲಾಂಗಸ್ ರಜ್ಜನ್ನು ಮುಟ್ಟಬಾರದು, ಹೆಬ್ಬೆರಳ ಬದಿಯನ್ನು ನೆಲಕ್ಕೆ ಒತ್ತುವುದು ಅದೇ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಮೂಳೆ ಸರಿಮಾಡಿ ಮೀನಖಂಡವನ್ನು ಗಿಡ್ಡವಾಗಿಯೇ ಬಿಡುವುದು. ಕಾರಣ ಉಳಿದರೆ ವಿಕಾರ ಮರಳುತ್ತದೆ. ನಮ್ಮ ಹುಡುಗನಿಗೆ ಮೇಲಿನ ಸ್ನಾಯುವಿನ ರಜ್ಜನ್ನು ಮಾತ್ರ ಬಿಡಿಸಿದರೆ ಸಾಕು. ಮಡಿಸಿದಾಗಲೂ ಬಿಗಿಯಿದ್ದರೆ ಮಾತ್ರ ಅಕಿಲಿಸನ್ನೇ ಉದ್ದ ಮಾಡಬೇಕು, ಏಕೆಂದರೆ ಅದನ್ನು ಹೆಚ್ಚು ಉದ್ದ ಮಾಡಿದರೆ ನೆಲ ಒದ್ದು ಮುನ್ನುಗ್ಗುವ ಬಲ ಹೋಗುತ್ತದೆ. ಹಿಮ್ಮಡಿ ನೇರವಾದ ಮೇಲೆ ಹೆಬ್ಬೆರಳ ಬದಿ ನೆಲದಿಂದ ಎದ್ದು ನಿಂತಿದೆಯೇ ನೋಡಬೇಕು. ನಿಂತಿದ್ದರೆ ಒಳಬದಿಯ ಕ್ಯೂನಿಫಾರ್ಮ್ ಮೂಳೆಯ ತಳದಿಂದ ಬೆಣೆಯಾಕಾರದ ತುಂಡು ತೆಗೆದು ಅದನ್ನು ಇಳಿಸುತ್ತಾರೆ.

ಇನ್ನೊಂದು ವಿಧಾನ, ತಾಲಸ್ ಮತ್ತು ಹಿಮ್ಮಡಿ ಮೂಳೆಗಳ ನಡುವಿನ ಕುಳಿಯಲ್ಲಿ ಸಣ್ಣ ತಿರುಪನ್ನೋ ಗೂಟವನ್ನೋ ಕೂರಿಸಿ ಕುಸಿತ ತಡೆಯುವುದು. ಗಾಯ ಚಿಕ್ಕದು, ಬೇಗ ನಡೆಯಬಹುದು, ಬೇಡವಾದರೆ ತೆಗೆಯಬಹುದು. ಇದೇ ಸಲೀಸುತನ ನೋವಿಲ್ಲದ ಎಂಟು ವರ್ಷದ ಮಕ್ಕಳಿಗೂ ಇದನ್ನು ಹಾಕಿಸುವಂತೆ ಮಾಡುತ್ತಿದೆ. ಹಾಕಿದ ಕುಳಿಯಲ್ಲೇ ಹೊಸ ನೋವು ಶುರುವಾಗಿ ಮತ್ತೆ ತೆಗೆಸುವುದು ಅಪರೂಪವಲ್ಲ. ಕೀಲು ಬೆಸೆಯುವ ಶಸ್ತ್ರಕ್ರಿಯೆಯಂತೂ ಸಡಿಲ ಪಾದದ ಮಗುವಿಗೆ ಬೇಡವೇ ಬೇಡ, ಬೆಸೆದ ಕೀಲಿನ ಭಾರವೆಲ್ಲ ಕಣಕಾಲಿಗೆ ಬಿದ್ದು ಅದು ಬೇಗ ಸವೆಯುತ್ತದೆ.

ಹಿಮ್ಮಡಿ ಉದ್ದ ಮಾಡಿದ ಮೇಲೆ ಸುಮಾರು ಎಂಟು ವಾರ ಪ್ಲಾಸ್ಟರ್, ಆ ಕಾಲ ಮೇಲೆ ಭಾರ ಹಾಕುವಂತಿಲ್ಲ. ಆರನೇ ವಾರದ ಹೊತ್ತಿಗೆ ತಂತಿ ತೆಗೆದು ಪ್ಲಾಸ್ಟರ್ ಬದಲಿಸುತ್ತಾರೆ. ಎರಡೂ ಪಾದಕ್ಕೆ ಬೇಕಿದ್ದರೆ ಒಂದು ಗುಣವಾಗಿ ಅದರ ಮೇಲೆ ಗಟ್ಟಿಯಾಗಿ ನಿಲ್ಲುವಂತಾದ ಮೇಲೆಯೇ ಇನ್ನೊಂದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಗೋಡೆಯ ಮುಂದಿನ ಆ ವ್ಯಾಯಾಮವನ್ನು ಮತ್ತೆ ಶುರುಮಾಡಿಸಿ, ಬೆಳವಣಿಗೆ ನಿಲ್ಲುವವರೆಗೆ ಬಿಡಿಸಬೇಡಿ: ಮೂಳೆ ಬೇಗ ಬೆಳೆಯುವ ವರ್ಷಗಳಲ್ಲಿ ಮೀನಖಂಡ ಮತ್ತೆ ಗಿಡ್ಡವಾಗುತ್ತದೆ.