ಮಷಿನ್ ನೋಟು ನುಂಗಿತು, ಖಾತೆಗೆ ಬರಲಿಲ್ಲ: ದುಡ್ಡು ಈಗ ಎಲ್ಲಿದೆ?

ನಮಸ್ಕಾರ. ಹೋದ ವಾರ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ: "ಸರ್, ಕ್ಯಾಶ್ ಡೆಪಾಸಿಟ್ ಮಷಿನ್‌ಗೆ 18,500 ರೂಪಾಯಿ ಹಾಕಿದೆ. ಎಣಿಸ್ತು, ತೋರಿಸ್ತು, ಆಮೇಲೆ ಸ್ಕ್ರೀನ್ ಆಫ್. ನೋಟೂ ವಾಪಸ್ ಬರಲಿಲ್ಲ, ಖಾತೆಗೂ ಬೀಳಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದ್ರೆ, 'ನಿಮ್ಮ ಖಾತೆಯಲ್ಲಿ ಅಂಥ ವ್ಯವಹಾರವೇ ಇಲ್ಲ' ಅಂತಾರೆ."

ಫೋನ್ ಎತ್ತಿದವರು ಸುಳ್ಳು ಹೇಳ್ತಿಲ್ಲ. ತಮಾಷೆ ಇರೋದೇ ಅಲ್ಲಿ. ಎಟಿಎಂನಲ್ಲಿ ದುಡ್ಡು ತೆಗೆಯುವಾಗ ಎಡವಟ್ಟಾದ್ರೆ ಖಾತೆಯಲ್ಲಿ ಕಡಿತದ ಗುರುತಾದ್ರೂ ಇರುತ್ತೆ. ಇಲ್ಲಿ ಕಡಿತ ಆಗಿರೋದು ನಿಮ್ಮ ಕೈಯಿಂದ. ಅದಕ್ಕೆ ಪಾಸ್‌ಬುಕ್‌ನಲ್ಲಿ ಸಾಲೇ ಇಲ್ಲ.

ಹಾಗಾದ್ರೆ ನೋಟು ಎಲ್ಲಿ? ನೀವು ಹಾಕಿದ ಕಟ್ಟು ನೇರವಾಗಿ ಪೆಟ್ಟಿಗೆಗೆ ಬೀಳಲ್ಲ. ಎಣಿಸಿ, ಅಸಲಿಯೋ ನಕಲಿಯೋ ನೋಡಿ, ಎಸ್ಕ್ರೋ ಅನ್ನೋ ನಡುಮನೆಯಲ್ಲಿ ನಿಲ್ಲಿಸುತ್ತೆ. "500ರ ನೋಟು 34, 100ರ ನೋಟು 15, ಸರಿನಾ?" ಅಂತ ಸ್ಕ್ರೀನ್ ಕೇಳೋದು ಆಗಲೇ. ಅಲ್ಲೀತನಕ ತೊಂದರೆಯಾದ್ರೆ ಸಾಮಾನ್ಯವಾಗಿ ನೋಟು ವಾಪಸ್ ಬರುತ್ತೆ. ಸರಿ ಅಂತ ಒತ್ತಿದ ಮೇಲೆ ಎರಡು ಕೆಲಸ ಆಗಬೇಕು: ನೋಟು ಒಳಗಿನ ಪೆಟ್ಟಿಗೆಗೆ, ಸಂದೇಶ ಬ್ಯಾಂಕಿನ ಸರ್ವರ್‌ಗೆ. ನಡುವೆ ನೆಟ್‌ವರ್ಕ್ ಬಿದ್ರೆ, ನೋಟು ಬೆಲ್ಟ್‌ನಲ್ಲಿ ಸಿಕ್ಕಿಕೊಂಡ್ರೆ, ಎರಡರಲ್ಲಿ ಒಂದು ಮಾತ್ರ ಆಗುತ್ತೆ.

ನಮ್ಮ ಬಸ್ ಕಂಡಕ್ಟರ್ ಚಿಲ್ಲರೆ ಇಲ್ಲದಿದ್ರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡ್ತಾರಲ್ಲ, ನೆನಪು ಮಾಡ್ಕೊಳ್ಳಿ. ದುಡ್ಡು ಅವರ ಚೀಲದಲ್ಲಿದೆ, ಆದ್ರೆ ಚೀಲಕ್ಕೆ ಅದು ಯಾರದ್ದು ಅಂತ ಗೊತ್ತಿಲ್ಲ. ಗೊತ್ತಿರೋದು ಟಿಕೆಟ್‌ಗೆ! ಟಿಕೆಟ್ ಕಳ್ಕೊಂಡು ಇಳಿಯೋ ಸ್ಟಾಪ್‌ನಲ್ಲಿ ವಾದ ಮಾಡಿ ನೋಡಿ. (ನಾನು ಮಾಡಿದ್ದೀನಿ. ಬಸ್ ಹೊರಟುಹೋಯ್ತು.)

ಇಲ್ಲಿ ಟಿಕೆಟ್ ಅಂದ್ರೆ ಚೀಟಿ. ಅದರಲ್ಲಿ ಮಷಿನ್ ನಂಬರ್, ಸಮಯ, ವ್ಯವಹಾರದ ಸಂಖ್ಯೆ ಇರುತ್ತೆ. ವಿಫಲ ಅಂತ ಬಂದಿದ್ರೂ ಎಸೀಬೇಡಿ. ಶಾಯಿ ಬೇಗ ಮಾಸುತ್ತೆ, ಫೋಟೋ ತೆಗೀರಿ. ಚೀಟಿಯೇ ಬರಲಿಲ್ವಾ? ಮಷಿನ್ ಮೇಲಿನ ನಂಬರ್, ನಿಮಿಷದ ಸಮೇತ ಹೊತ್ತು ಬರ್ಕೊಳ್ಳಿ. ಮುಖ್ಯವಾಗಿ, ತಕ್ಷಣ ಹೊರಡಬೇಡಿ. ಕೆಲವು ಸಲ ಮಷಿನ್ ಚೇತರಿಸ್ಕೊಂಡು ಬಾಗಿಲು ತೆರೆದು ನೋಟು ಹೊರಗಿಡುತ್ತೆ. ಆಗ ಎದುರಿಗೆ ನಿಂತಿರೋದು ನೀವೇ ಆಗಿರ್ಲಿ.

ಈಗ ನಮ್ಮ 18,500. ಮಷಿನ್ ಯಾವ ಶಾಖೆಯದ್ದೋ ಅಲ್ಲಿಗೆ ಲಿಖಿತ ದೂರು ಕೊಡಿ, ದೂರಿನ ಸಂಖ್ಯೆ ಇಸ್ಕೊಳ್ಳಿ. ಖಾತೆ ಬೇರೆ ಬ್ಯಾಂಕಿನದಾದ್ರೆ ಅಲ್ಲೂ ಒಂದು ದೂರು ಇರ್ಲಿ. ಮೊತ್ತ ಬರೆದು ಸುಮ್ಮನಾಗಬೇಡಿ, 500ರದ್ದು 34, 100ರದ್ದು 15 ಅಂತ ಬಿಡಿಸಿ ಬರೀರಿ. ಯಾಕೆ ಅಂದ್ರೆ ಮಷಿನ್ ತೆರೆದಾಗ ಒಳಗಿನ ನೋಟು ಎಣಿಸಿ ಲೆಕ್ಕಕ್ಕೆ ತಾಳೆ ನೋಡ್ತಾರೆ. ಖಾತೆಗೆ ಹೋಗದ ದುಡ್ಡು ಅಲ್ಲಿ 'ಹೆಚ್ಚುವರಿ' ಅಂತ ಏಳುತ್ತೆ. ಜೊತೆಗೆ ಮಷಿನ್ ತನ್ನ ಪ್ರತಿ ಹೆಜ್ಜೆಯನ್ನೂ ಎಲೆಕ್ಟ್ರಾನಿಕ್ ಜರ್ನಲ್‌ನಲ್ಲಿ ಬರೆದಿಟ್ಟಿರುತ್ತೆ. ನಿಮ್ಮ ಪಟ್ಟಿ, ಹೆಚ್ಚುವರಿ, ಜರ್ನಲ್, ಈ ಮೂರೂ ಹೊಂದಿದ್ರೆ ಕೆಲಸ ಸಲೀಸು.

ಹೆಚ್ಚುವರಿ ಬಂದದ್ದು 18,400 ಅಂತ ಇಟ್ಕೊಳ್ಳಿ. ಸಂಖ್ಯೆ ಹೊಂದಲ್ಲ, ದೂರು ತಿರಸ್ಕೃತ ಆಗಬಹುದು. ಆದ್ರೆ ನಿಮ್ಮ ಪಟ್ಟಿಯಲ್ಲಿ 100ರದ್ದು 15 ಇದೆ, ಪೆಟ್ಟಿಗೆಯಲ್ಲಿ 14 ಸಿಕ್ಕಿದೆ. ಹಾಗಾದ್ರೆ ಹುಡುಕಬೇಕಾದ್ದು ಆ ಒಂದು ನೋಟನ್ನ. ಬೆಲ್ಟ್‌ನಲ್ಲೋ, ಬೇಡದ ನೋಟು ಬೀಳೋ ಡಬ್ಬಿಯಲ್ಲೋ ಇರಬಹುದು. ತಿರಸ್ಕರಿಸಿದ್ರೆ "ಜರ್ನಲ್ ಏನು ಹೇಳುತ್ತೆ, ಆ ದಿನದ ಹೆಚ್ಚುವರಿ ಎಷ್ಟು" ಅಂತ ಲಿಖಿತವಾಗಿ ಕೇಳಿ. ಕ್ಯಾಮೆರಾ ದೃಶ್ಯ ಅಳಿಸದೆ ಕಾದಿಡಿ ಅಂತ ಮೊದಲ ದೂರಲ್ಲೇ ಬರೆದುಬಿಡಿ, ಹಳೇ ದೃಶ್ಯದ ಮೇಲೆ ಹೊಸದು ಕೂರುತ್ತೆ.

ಟೈಮ್ ಆಗೋಯ್ತು, ಉಳಿದದ್ದು ಬೇಗ ಬೇಗ. "ದಿನಕ್ಕೆ 100 ರೂಪಾಯಿ ಪರಿಹಾರ" ಅಂತ ಎಲ್ಲರೂ ಹೇಳೋ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಎಟಿಎಂ ಬಗ್ಗೆ ಹೇಳೋದು ಖಾತೆಯಲ್ಲಿ ಕಡಿತವಾಗಿ ನೋಟು ಬಾರದ ಪ್ರಸಂಗ. ಜಮೆಗೆ ನಿಮ್ಮ ಬ್ಯಾಂಕಿನ ಪರಿಹಾರ ನೀತಿ ಕೇಳಿ. ದೂರು ಕೊಟ್ಟು 30 ದಿನ ಆದ್ರೂ ಉತ್ತರ ಬಾರದಿದ್ರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ರೆ, cms.rbi.org.in ನಲ್ಲಿ ಬ್ಯಾಂಕ್ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಿ, ಶುಲ್ಕ ಇಲ್ಲ. ಮಷಿನ್ ಪಕ್ಕ ಯಾರೋ ಅಂಟಿಸಿದ ಸಹಾಯವಾಣಿ ನಂಬರ್‌ಗೆ ಮಾತ್ರ ಫೋನ್ ಮಾಡಬೇಡಿ. ಖಾತೆಗೆ ದುಡ್ಡು ಹಾಕೋಕೆ ನಿಮ್ಮ ಓಟಿಪಿ ಯಾರಿಗೂ ಬೇಕಿಲ್ಲ.