ಮಾತ್ರೆ ಆಮೇಲೆ, ಮೊದಲು ಮಲ ಪರೀಕ್ಷೆ ಮಾಡಿಸ್ರಪ್ಪಾ!

ನಮಸ್ಕಾರ. ಹೋದ ವಿಡಿಯೋ ಕೆಳಗೆ ಚಿಂತಾಮಣಿ ಕಡೆಯವರೊಬ್ಬರು ಬರೆದಿದ್ದಾರೆ: "ಸರ್, ಎರಡು ತಿಂಗಳ ನಾಯಿಮರಿ, 3 ಕೆಜಿ. ಜಂತುಹುಳದ ಮಾತ್ರೆ ಆಯ್ತು, ಭೇದಿ ನಿಲ್ಲೋ ಮಾತ್ರೆ 3 ದಿನ ಆಯ್ತು. ನಿಂತಿತ್ತು, ವಾರಕ್ಕೆ ಮತ್ತೆ ಶುರು. ಜೋರಾಗಿರೋ ಮಾತ್ರೆ ಯಾವುದು?" ಅದಕ್ಕೆ ಉತ್ತರ ಕೊಟ್ಟವರೆಲ್ಲ ಒಬ್ಬೊಬ್ಬರು ಒಂದೊಂದು ಮಾತ್ರೆ ಹೇಳಿದ್ದಾರೆ. ಮಲ ಪರೀಕ್ಷೆ ಮಾಡಿಸಿದ್ರಾ ಅಂತ ಕೇಳಿದವರು ಒಬ್ಬರೂ ಇಲ್ಲ!

ಮರಿ ಆಟ ಆಡ್ತಿದೆ, ತಿಂತಿದೆ, ಆದರೂ ಭೇದಿ ಹೋಗಿ ಬಂದು ಮಾಡ್ತಿದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಎರಡರ ಮೇಲೆ: ಜಿಯಾರ್ಡಿಯಾ, ಕಾಕ್ಸಿಡಿಯಾ. ಎರಡೂ ಹುಳ ಅಲ್ಲ, ಕಣ್ಣಿಗೆ ಕಾಣದ ಏಕಕೋಶ ಜೀವಿಗಳು. ಒಂದಕ್ಕೆ ಕೊಡೋ ಔಷಧಿ ಇನ್ನೊಂದಕ್ಕೆ ಕೆಲಸ ಮಾಡಲ್ಲ. ಅದಕ್ಕೇ ಹೇಳೋದು, ಮೊದಲು ಮಲ ಪರೀಕ್ಷೆ. (ವಾಂತಿ, ರಕ್ತ, ಮಂಕು ಇದ್ದರೆ ಪಾರ್ವೋ ವೈರಸ್ ರೋಗ ಇರಬಹುದು. ವಿಡಿಯೋ ನಿಲ್ಲಿಸಿ, ಈಗಲೇ ಪಶು ಆಸ್ಪತ್ರೆಗೆ ಹೊರಡಿ.)

"ಒಂದ್ಸಲ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು" ಅಂತೀರಾ? ಜಿಯಾರ್ಡಿಯಾ ದಿನಾ ಹೊರಗೆ ಬರಲ್ಲ. ಇವತ್ತು ಬಂತು, ನಾಳೆ ಇಲ್ಲ. ದಿನ ಬಿಟ್ಟು ದಿನ ಮೂರು ಸಲ ಮಲ ಕೊಡಬೇಕು. ಆಗತಾನೇ ಹಾಕಿದ್ದು, ಮಣ್ಣು ತಾಗದ ಕಡೆಯಿಂದ, ಮುಚ್ಚಳ ಇರೋ ಡಬ್ಬಿಗೆ. ಅರ್ಧ ಗಂಟೆಯೊಳಗೆ ಗಾಜಿನ ಮೇಲಿಟ್ಟು ನೋಡಿದರೆ ಅದು ಉದುರೋ ಎಲೆ ಥರ ಹೊರಳಾಡ್ತಾ ಈಜೋದು ಕಾಣುತ್ತೆ. ತಡವಾದರೆ ಸತ್ತು ಹೋಗುತ್ತೆ, ಆಮೇಲೆ ಅದರ ಸಿಸ್ಟ್, ಅಂದರೆ ಗಟ್ಟಿ ಕವಚದೊಳಗಿರೋ ರೂಪ, ಹುಡುಕಬೇಕು. ಇಲ್ಲೇ ದೊಡ್ಡ ಎಡವಟ್ಟು. ಮಲವನ್ನ ಗಟ್ಟಿ ಉಪ್ಪುನೀರಲ್ಲಿ ತೇಲಿಸಿದರೆ ಕಾಕ್ಸಿಡಿಯಾ ಚೆನ್ನಾಗಿ ಮೇಲೆ ಬರುತ್ತೆ, ಜಿಯಾರ್ಡಿಯಾ ಸಿಸ್ಟ್ ಮಾತ್ರ ಸುಕ್ಕುಗಟ್ಟಿ ಗುರುತು ಸಿಗಲ್ಲ. ಅದಕ್ಕೆ 1.18 ಸಾಂದ್ರತೆಯ ಜಿಂಕ್ ಸಲ್ಫೇಟ್ ದ್ರಾವಣ ಬೇಕು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು. ಯಾವುದರಲ್ಲಿ ತೇಲಿಸಿದ್ರಿ ಅಂತ ಕೇಳಿ. ಕೇಳೋಕೆ ಸಂಕೋಚ ಯಾಕೆ? ಇಲ್ಲಾಂದ್ರೆ ಮಲದಲ್ಲಿ ಜಿಯಾರ್ಡಿಯಾದ ಪ್ರೋಟೀನ್ ಹಿಡಿಯೋ ಆಂಟಿಜೆನ್ ಕಿಟ್ ಇರೋ ಕಡೆ ಹೋಗಿ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ್ದೇ ಇನ್ನೊಂದು ತೊಂದರೆ ಇದೆ. ದ್ರಾಕ್ಷಿ ತೋಟಕ್ಕೆ ಕೋಳಿ ಗೊಬ್ಬರ ಹಾಕಿರ್ತೀರ, ಮರಿ ಹೋಗಿ ತಿಂದು ಬರುತ್ತೆ. ಕೋಳಿಯ ಕಾಕ್ಸಿಡಿಯಾ, ಐಮೀರಿಯಾ, ನಾಯಿಗೆ ಹತ್ತಲ್ಲ, ಹೊಟ್ಟೆಯಲ್ಲಿ ಹಾಗೇ ಹಾದು ಹೋಗುತ್ತೆ. ಮೈಕ್ರೋಸ್ಕೋಪ್‌ನಲ್ಲಿ ಮಾತ್ರ ಅದರ ಮೊಟ್ಟೆ ಕಾಣುತ್ತೆ! ಮಾಗಿದ ಮೊಟ್ಟೆಯೊಳಗೆ ನಾಲ್ಕು ಚೀಲ ಇದ್ದರೆ ಕೋಳಿದು, ಎರಡಿದ್ದರೆ ನಾಯಿದು. ಗೊಬ್ಬರ ತಿಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಕೋಳಿ ಔಷಧಿ ಅಂಗಡಿಯಿಂದ ಕೋಳಿಯ ಕಾಕ್ಸಿಡಿಯಾ ಔಷಧಿ ಟಾಲ್ಟ್ರಜುರಿಲ್ ತಂದು ಮರಿ ಬಾಯಿಗೆ ಸುರಿಯೋರೂ ಇದ್ದಾರೆ. ಅದು ನೀರಿಗೆ ಬೆರೆಸಿ ಕೊಡೋಕೆ ಮಾಡಿರೋ ದ್ರಾವಣ, ನೇರ ಹಾಕಿದರೆ ಬಾಯಿ, ಗಂಟಲು ಸುಡುತ್ತೆ.

ಈಗ ಚಿಂತಾಮಣಿ ಮರಿಗೆ ಜಿಯಾರ್ಡಿಯಾ ಅಂತಲೇ ಬಂತು ಅಂದ್ಕೊಳ್ಳಿ. ಫೆನ್‌ಬೆಂಡಜೋಲ್ ಅನ್ನೋ ಜಂತುಹುಳದ ಔಷಧಿ, ಕೆಜಿಗೆ 50 ಮಿಲಿಗ್ರಾಂ. 3 ಕೆಜಿಗೆ ದಿನಕ್ಕೆ 150 ಮಿಲಿಗ್ರಾಂ, ಊಟದ ಜೊತೆ, 5 ದಿನ. ಒಂದೇ ದಿನದ ಜಂತುಹುಳದ ಮಾತ್ರೆ ಸಾಲದೇ ಹೋಗಿದ್ದು ಇದಕ್ಕೇ. ಆ ಭೇದಿ ಮಾತ್ರೆ ಮೆಟ್ರೋನಿಡಜೋಲ್ ಆಗಿದ್ದರೆ ಇನ್ನೊಂದು ಮಾತು: ಅದು ಜಿಯಾರ್ಡಿಯಾ ಪೂರ್ತಿ ಹೋಗದಿದ್ದರೂ ಭೇದಿ ಕಟ್ಟಿಸಬಲ್ಲದು. ಡೋಸ್ ಹೆಚ್ಚಾದರೆ ಮರಿ ತೂರಾಡುತ್ತೆ, ಕಣ್ಣುಗುಡ್ಡೆ ಅದುರುತ್ತೆ. ಜೋರು ಮಾತ್ರೆ ಬೇಕಂತೆ! ಕಾಕ್ಸಿಡಿಯಾ ಬಂದಿದ್ದರೆ ಸಲ್ಫಾ ಔಷಧಿ ಅಥವಾ ಟಾಲ್ಟ್ರಜುರಿಲ್, ಅಳತೆ ಡಾಕ್ಟರೇ ಹಾಕಿಕೊಡಬೇಕು. ಸಲ್ಫಾ ಕೊಡುವಾಗ ಮರಿ ಚೆನ್ನಾಗಿ ನೀರು ಕುಡೀತಿರಬೇಕು.

ಔಷಧಿ ಮುಗಿದ ಮೇಲೂ ವಾಪಸ್ ಬಂತಾ? ಬಾಲದ ಬುಡದ ಕೂದಲು ನೋಡಿ. ಸಿಸ್ಟ್ ಅಲ್ಲೇ ಅಂಟಿರುತ್ತೆ, ಮರಿ ನೆಕ್ಕಿ ಮತ್ತೆ ನುಂಗುತ್ತೆ. ಕೊನೇ ದಿನ ಶಾಂಪೂ ಹಾಕಿ ಹಿಂಭಾಗ ಚೆನ್ನಾಗಿ ತೊಳೆಯಿರಿ. ಜಿಯಾರ್ಡಿಯಾ ಹೊರಬಿದ್ದ ಕ್ಷಣದಿಂದಲೇ ಹರಡುತ್ತೆ, ಕಾಕ್ಸಿಡಿಯಾ ಮೊಟ್ಟೆ ಮಾಗೋಕೆ ಸುಮಾರು ಒಂದು ದಿನ ಬೇಕು. ಹಾಗಾಗಿ ಮಲ ಬಿದ್ದ ಕೂಡಲೇ ಎತ್ತಿ. "ಫಿನಾಯಿಲ್ ಹಾಕಿದೀನಲ್ಲ" ಅಂತ ಬರೀಬೇಡಿ, ಕಾಕ್ಸಿಡಿಯಾ ಮೊಟ್ಟೆ ಅದಕ್ಕೆಲ್ಲ ಜಗ್ಗಲ್ಲ. ಸಿಮೆಂಟ್ ನೆಲಕ್ಕೆ ಕುದಿಯೋ ನೀರು ಸುರಿದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ.

ಔಷಧಿ ಮುಗಿದು ಒಂದೆರಡು ದಿನಕ್ಕೆ ಮತ್ತೆ ಮಲ ಪರೀಕ್ಷೆ. ಹೂಂ, ಮತ್ತೆ! ಆಗ ಕಿಟ್ ಬೇಡ, ರೋಗ ಹೋದಮೇಲೂ ಅದು ಪಾಸಿಟಿವ್ ತೋರಿಸಬಹುದು. ತೇಲಿಸಿಯೇ ನೋಡಿಸಿ. ದುಡ್ಡು ದಂಡ ಅಂತೀರಾ? ಸುಮ್ಮನೆ ಕೊಟ್ಟ ಮಾತ್ರೆಗಳ ಲೆಕ್ಕ ಹಾಕಿ ನೋಡಿ! ಮಲ ಪರೀಕ್ಷೆ ಮಾಡಿಸ್ರಪ್ಪಾ, ಮಾಡಿಸಿ!

ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಮರಿ ಸಾಕಿರೋರ ಗ್ರೂಪಿಗೆ ಈ ವಿಡಿಯೋ ಹಾಕಿ. ಮುಂದಿನ ವಾರ ಪಾರ್ವೋ ಲಸಿಕೆ, ಯಾವ ವಾರಕ್ಕೆ ಯಾವ ಡೋಸ್ ಅಂತ ನೋಡೋಣ.