ಕುಳಿತ ಕುರ್ಚಿ ಒಂದು, ಸಂಬಳದ ಪಟ್ಟಿ ಇನ್ನೊಂದು

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಖಾಸಗಿ ಕಂಪನಿಗಳಲ್ಲಿ ಹಲವು ವರ್ಷ ನೇಮಕಾತಿಯ ಕೆಲಸ ನೋಡಿಕೊಂಡವನು ನಾನು. ರೆಸ್ಯೂಮ್‌ನಲ್ಲಿ ಬರೆದದ್ದಕ್ಕೂ ಹಳೆಯ ಕಂಪನಿಯ ದಾಖಲೆ ಹೇಳುವುದಕ್ಕೂ ತಾಳೆಯಾಗದೆ, ಸಂದರ್ಶನಗಳೆಲ್ಲ ಮುಗಿದು ಆಫರ್ ಪತ್ರ ಕೈಗೆ ಬಂದ ಮೇಲೆ ಕೆಲಸ ತಪ್ಪಿಹೋಗುವುದನ್ನು ಈ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಇಂಥದ್ದು ಸುಳ್ಳು ಬರೆದವರಿಗೆ ಮಾತ್ರ ಆಗುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಸುಳ್ಳು ಬರೆಯದ ಒಬ್ಬಳ ಕಡತ ನನ್ನ ಮೇಜಿನ ಮೇಲೆಯೇ ಕೆಂಪು ಗುರುತಿನೊಂದಿಗೆ ಮುಚ್ಚಿಹೋಯಿತು. ಇವತ್ತು ಆ ಒಂದು ಕಡತದ ಬಗೆಗಷ್ಟೇ ಮಾತಾಡುತ್ತೇನೆ.

ಹುಡುಗಿಯ ಊರು ಕಾಪು, ಓದಿದ್ದು ಬಿ.ಕಾಂ. 2021ರ ಜುಲೈ 5ರಂದು ನಗರದ ಒಂದು ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಬಂದು ಸೇರಿದಳು. ಮೊದಲ ಆರು ತಿಂಗಳು ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆದಳು. 2022ರ ಜನವರಿ 3ರಿಂದ ಅವಳನ್ನು ಸಿಬ್ಬಂದಿ ಒದಗಿಸುವ ಒಂದು ಏಜೆನ್ಸಿಯ ಪೇರೋಲ್‌ಗೆ ಹಾಕಿದರು. ಕೆಲಸ ಅದೇ ಕಂಪನಿಯಲ್ಲಿ, ಸಂಬಳ ಮಾತ್ರ ಏಜೆನ್ಸಿಯಿಂದ. 2023ರ ಏಪ್ರಿಲ್ 3ರಂದು ಕಂಪನಿಯೇ ಅವಳನ್ನು ತನ್ನ ಸ್ವಂತ ಪಟ್ಟಿಗೆ ತೆಗೆದುಕೊಂಡಿತು. ಅವಳ ಪಾಲಿಗೆ ಇವೆಲ್ಲ ಒಂದೇ ಕೆಲಸ. ಅದೇ ಲಿಫ್ಟ್, ಅದೇ ಮೇಜು, ಅದೇ ಮ್ಯಾನೇಜರ್. ಬದಲಾದದ್ದು ಕುತ್ತಿಗೆಗೆ ಹಾಕುವ ಐಡಿ ಕಾರ್ಡಿನ ದಾರ ಮಾತ್ರ: ಏಜೆನ್ಸಿಯವರದ್ದು ನೀಲಿ, ಕಂಪನಿಯವರದ್ದು ಹಸಿರು. ನೀಲಿ ದಾರದ ಕಾರ್ಡಿನ ಹಿಂಬದಿಯಲ್ಲಿ ಏಜೆನ್ಸಿಯ ಹೆಸರು ಸಣ್ಣ ಅಕ್ಷರದಲ್ಲಿತ್ತು. ಅದನ್ನು ತಿರುಗಿಸಿ ನೋಡುವ ಸಂದರ್ಭ ಅವಳಿಗೆ ಬಂದಿರಲಿಲ್ಲ.

2023ರ ನವೆಂಬರಿನಲ್ಲಿ ನಾನಿದ್ದ ಕಂಪನಿಗೆ ಅವಳು ಅರ್ಜಿ ಹಾಕಿದಳು. ಕನಿಷ್ಠ ಎರಡು ವರ್ಷದ ಅನುಭವ ಬೇಕೆಂದು ನಾವು ಕೇಳಿದ್ದೆವು. ರೆಸ್ಯೂಮ್‌ನಲ್ಲಿ ಅವಳು ಬರೆದದ್ದು ಒಂದೇ ಸಾಲು: ಕಂಪನಿಯ ಹೆಸರು, ಮುಂದೆ ‘ಜುಲೈ 2021ರಿಂದ ಇಂದಿನವರೆಗೆ’. ಲೆಕ್ಕ ಹಾಕಿದರೆ ಎರಡು ವರ್ಷ ಐದು ತಿಂಗಳಾಗುತ್ತದೆ. ಮೂರು ಸುತ್ತಿನ ಸಂದರ್ಶನದಲ್ಲಿ ನಮ್ಮವರು ಜಿಎಸ್‌ಟಿ ಬಗ್ಗೆ ಕೇಳಿದರು, ಲೆಡ್ಜರ್ ತಾಳೆ ಮಾಡಿಸಿದರು, ಅವಳು ಚೆನ್ನಾಗಿಯೇ ಉತ್ತರಿಸಿದಳು. ಸಂಬಳ ಯಾರ ಹೆಸರಿನಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಡಿಸೆಂಬರಿನಲ್ಲಿ ಆಫರ್ ಹೋಯಿತು. ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿದ್ದರೆ ಮಾತ್ರ ಈ ನೇಮಕ ಊರ್ಜಿತ ಎಂಬ ಷರತ್ತು ಅದರಲ್ಲಿತ್ತು. ಇಂಥ ಷರತ್ತು ಈಗ ಹೆಚ್ಚುಕಡಿಮೆ ಎಲ್ಲ ಆಫರ್ ಪತ್ರಗಳಲ್ಲೂ ಇರುತ್ತದೆ. ಅವಳು ರಾಜೀನಾಮೆ ಕೊಟ್ಟು, ಅರುವತ್ತು ದಿನದ ನೋಟಿಸ್ ಅವಧಿ ಮುಗಿಸಿ, 2024ರ ಫೆಬ್ರವರಿ 9ರಂದು ಹಳೆಯ ಕಚೇರಿಯಿಂದ ಹೊರಬಂದು, 19ರಂದು ನಮ್ಮಲ್ಲಿ ಸೇರಿದಳು. ಮಾರ್ಚ್ 1ರಂದು ವರದಿ ಬಂತು.

ಪರಿಶೀಲನೆಯನ್ನು ಸಂದರ್ಶನಕ್ಕೆ ಮೊದಲೇ ಮಾಡಿ ಮುಗಿಸಬಾರದೇ ಎಂದು ಕೇಳುಗರಿಗೆ ಅನ್ನಿಸಬಹುದು. ಮಾಡಲಾಗದ್ದಕ್ಕೆ ಕಾರಣವಿದೆ. ಪರಿಶೀಲನೆಯನ್ನು ಕಂಪನಿಗಳು ಸಾಮಾನ್ಯವಾಗಿ ಹೊರಗಿನ ಸಂಸ್ಥೆಗೆ ವಹಿಸುತ್ತವೆ. ಅದಕ್ಕೆ ತಲೆಗೆ ಇಷ್ಟೆಂದು ಹಣ ಕೊಡಬೇಕಾದ್ದರಿಂದ ಆಯ್ಕೆಯಾದವರನ್ನು ಬಿಟ್ಟು ಬೇರೆಯವರ ಮೇಲೆ ಯಾರೂ ಖರ್ಚು ಮಾಡುವುದಿಲ್ಲ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಬೇಕು. ಇದೆಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಈಗ ಕೆಲಸ ಮಾಡುತ್ತಿರುವ ಕಂಪನಿಯನ್ನು ಅಭ್ಯರ್ಥಿ ಅಲ್ಲಿಂದ ಹೊರಬರುವ ಮೊದಲು ವಿಚಾರಿಸುವಂತಿಲ್ಲ. ವಿಚಾರಿಸಿದರೆ ಅವರು ಬೇರೆ ಕೆಲಸ ಹುಡುಕುತ್ತಿರುವುದು ಬಯಲಾಗಿ, ಇರುವ ಕೆಲಸಕ್ಕೇ ಕುತ್ತು ಬಂದೀತು. ಹಾಗಾಗಿ ಹಿಂದಿನ ಕೆಲಸಗಳ ಪರಿಶೀಲನೆ ನೋಟಿಸ್ ಅವಧಿಯಲ್ಲೇ ಮುಗಿದರೂ, ಕೊನೆಯ ಕಂಪನಿಯ ಪತ್ರವ್ಯವಹಾರ ಶುರುವಾಗುವುದು ಅಭ್ಯರ್ಥಿ ಅಲ್ಲಿಂದ ಕಾಲ್ತೆಗೆದ ಮೇಲೆ. ಅನುಭವವೆಲ್ಲ ಆ ಒಂದೇ ಕಂಪನಿಯದ್ದಾಗಿರುವ ಈ ಹುಡುಗಿಯಂಥವರಿಗೆ ಪರಿಶೀಲನೆ ನಡೆಯುವುದೇ ಹಿಂದಕ್ಕೆ ಹೋಗಲು ದಾರಿ ಇಲ್ಲದಿರುವಾಗ.

ವರದಿಯಲ್ಲಿ ಇದ್ದದ್ದು ಇಷ್ಟು. ಪರಿಶೀಲಿಸುವವರು ಹಳೆಯ ಕಂಪನಿಯ ಎಚ್‌ಆರ್ ವಿಭಾಗಕ್ಕೆ ಮಿಂಚಂಚೆ ಕಳಿಸಿ, ಸೇರಿದ ದಿನಾಂಕ, ಕೊನೆಯ ದಿನಾಂಕ, ಹುದ್ದೆ, ಬಿಟ್ಟ ಕಾರಣ, ಮತ್ತೆ ತೆಗೆದುಕೊಳ್ಳುವಿರಾ ಎಂದು ಕೇಳಿದ್ದರು. ಅಲ್ಲಿಂದ ಬಂದ ಉತ್ತರದಲ್ಲಿ ಸೇರಿದ ದಿನಾಂಕ 3 ಏಪ್ರಿಲ್ 2023 ಎಂದಿತ್ತು. ಹುಡುಗಿ ಬರೆದದ್ದು ಜುಲೈ 2021. ವ್ಯತ್ಯಾಸ ಇಪ್ಪತ್ತೊಂದು ತಿಂಗಳು. ಆ ಎಚ್‌ಆರ್ ಸಿಬ್ಬಂದಿ ಹೇಳಿದ್ದರಲ್ಲಿ ಸುಳ್ಳಿಲ್ಲ. ಅವರ ಮುಂದಿದ್ದ ಪಟ್ಟಿಯಲ್ಲಿ ಕಂಪನಿಯ ಸ್ವಂತ ನೌಕರರ ಹೆಸರುಗಳಷ್ಟೇ ಇದ್ದವು, ಆ ಪಟ್ಟಿಗೆ ಅವಳು ಬಂದದ್ದು ಅಂದೇ. ಪರಿಶೀಲನೆಯವರು ಕೇಳುವುದು ಪಟ್ಟಿಯನ್ನು. ಅಭ್ಯರ್ಥಿ ಬರೆಯುವುದು ತಾನು ಕುಳಿತ ಕುರ್ಚಿಯನ್ನು.

ಎರಡನೆಯ ಸಾಕ್ಷಿ ಭವಿಷ್ಯ ನಿಧಿ, ಅಂದರೆ ನಾವೆಲ್ಲ ಪಿಎಫ್ ಎನ್ನುವುದು. 2014ರಿಂದ ಪಿಎಫ್ ಸದಸ್ಯರಿಗೆ ಯುಎಎನ್ ಎಂಬ ಹನ್ನೆರಡು ಅಂಕಿಯ ಒಂದೇ ಸಂಖ್ಯೆ ಕೊಡಲಾಗುತ್ತಿದೆ. ಕಂಪನಿ ಬದಲಾದಾಗ ಆ ಸಂಖ್ಯೆ ಬದಲಾಗುವುದಿಲ್ಲ. ಅದರ ಅಡಿಯಲ್ಲಿ ಹೊಸ ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಒಂದರ ಕೆಳಗೊಂದು ಸೇರುತ್ತಾ ಹೋಗುತ್ತವೆ. ಪೋರ್ಟಲ್‌ನಲ್ಲಿ `Service History` ಎಂಬ ಪುಟದಲ್ಲಿ ಇದು ಕಾಣುತ್ತದೆ. ಅವಳ ಪುಟದಲ್ಲಿ ಎರಡು ಸಾಲುಗಳಿದ್ದವು: 2022ರ ಜನವರಿಯಿಂದ ಏಜೆನ್ಸಿಯ ಹೆಸರು, 2023ರ ಏಪ್ರಿಲ್‌ನಿಂದ ಕಂಪನಿಯ ಹೆಸರು. ಅಪ್ರೆಂಟಿಸ್ ಕಾಯ್ದೆಯ ಅಡಿ ತರಬೇತಿ ಪಡೆಯುವವರಿಗೆ ಪಿಎಫ್ ಅನ್ವಯಿಸುವುದಿಲ್ಲವಾದ್ದರಿಂದ ಮೊದಲ ಆರು ತಿಂಗಳ ಸುಳಿವೇ ಅಲ್ಲಿರಲಿಲ್ಲ. ವರದಿ ಬರೆದವರು ಹೀಗೆ ಓದಿದರು: ಸೇರಿದ ದಿನಾಂಕ ತಾಳೆಯಾಗಿಲ್ಲ, ರೆಸ್ಯೂಮ್‌ನಲ್ಲಿ ಹೇಳದ ಇನ್ನೊಂದು ಉದ್ಯೋಗದಾತರ ಹೆಸರು ಸಿಕ್ಕಿದೆ. ಮೊದಲನೆಯದೊಂದೇ ಇದ್ದಿದ್ದರೆ ಕೈತಪ್ಪು ಎಂದು ಹಳದಿ ಗುರುತು ಬೀಳುತ್ತಿತ್ತೋ ಏನೋ. ಎರಡೂ ಸೇರಿದಾಗ, ಒಂದು ಕೆಲಸವನ್ನು ಮುಚ್ಚಿಡಲು ಇನ್ನೊಂದನ್ನು ಹಿಗ್ಗಿಸಿದ ಹಾಗೆ ಕಾಣುತ್ತದೆ. ಕೆಂಪು ಬಿತ್ತು.

ಅವಳನ್ನು ಕರೆದು ಕೇಳಿದೆ. “ಸರ್, ಮೊದಲ ದಿನದಿಂದಲೂ ನಾನು ಆ ಆಫೀಸಿನಲ್ಲೇ ಇದ್ದದ್ದು. ಏಜೆನ್ಸಿಯ ಆಫೀಸು ಎಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ” ಎಂದಳು. ಅವಳ ಮಾತು ನಿಜವೆಂದು ನನಗೆ ಖಾತ್ರಿಯಾಗಿತ್ತು. ಆದರೂ ಕಡತ ಉಳಿಯಲಿಲ್ಲ. ಅದಕ್ಕೆ ಕಾರಣ ಸರಳವಾದ ಕೂಡಿಕೆ. ನಮ್ಮ ನಿಯಮದಲ್ಲಿ ತರಬೇತಿಯ ಅವಧಿ ಅನುಭವಕ್ಕೆ ಸೇರುತ್ತಿರಲಿಲ್ಲ. ಏಜೆನ್ಸಿಯ ಹದಿನೈದು ತಿಂಗಳನ್ನು ಪೂರ್ತಿ ಒಪ್ಪಿಕೊಂಡರೂ, 2022ರ ಜನವರಿಯಿಂದ ಅರ್ಜಿ ಹಾಕಿದ ನವೆಂಬರ್ ಕೊನೆಯವರೆಗೆ ಆಗುವುದು ಇಪ್ಪತ್ಮೂರು ತಿಂಗಳು. ಕೇಳಿದ್ದು ಇಪ್ಪತ್ನಾಲ್ಕು. ಅಂದರೆ ಆ ಒಂದು ಸಾಲು ಇಲ್ಲದಿದ್ದರೆ ಅವಳು ಸಂದರ್ಶನಕ್ಕೇ ಬರುತ್ತಿರಲಿಲ್ಲ ಎಂಬ ತೀರ್ಮಾನಕ್ಕೆ ಕಾಗದದ ಮೇಲೆ ಆಧಾರ ಸಿಕ್ಕಿತು. ಸೇವೆ ಪಡೆಯುವ ಗ್ರಾಹಕ ಕಂಪನಿಗಳೊಂದಿಗಿನ ಒಪ್ಪಂದದಲ್ಲಿ, ಅವರ ಕೆಲಸಕ್ಕೆ ಹಾಕುವ ಪ್ರತಿಯೊಬ್ಬರ ಪರಿಶೀಲನೆಯೂ ಸರಿಯಾಗಿರಬೇಕೆಂಬ ಷರತ್ತು ಬೇರೆ ಇತ್ತು. ಕೆಂಪು ಗುರುತಿನ ಕಡತ ಆಡಿಟ್‌ನವರ ಕೈಗೆ ಸಿಕ್ಕರೆ ಉತ್ತರ ಹೇಳುವವರು ಯಾರು ಎಂಬ ಪ್ರಶ್ನೆಗೆ ಯಾರೂ ಮುಂದೆ ಬರಲಿಲ್ಲ. ಮಾರ್ಚ್ ಮಧ್ಯದಲ್ಲಿ ಅವಳನ್ನು ಬಿಡಿಸಿದರು. ಹಣ ಕೊಟ್ಟರೆ ಇಲ್ಲದ ಕಂಪನಿಯ ಹೆಸರಿನಲ್ಲಿ ಅನುಭವ ಪತ್ರ ಮಾಡಿಕೊಡುವವರಿದ್ದಾರೆ, ಅಂಥವರನ್ನು ಹಿಡಿಯಲೆಂದೇ ಈ ಬಿಗಿ ಎಂಬುದು ನನಗೂ ಗೊತ್ತು. ಆದರೆ ಈ ಜರಡಿಯ ಕಣ್ಣಿಗೆ ಮೋಸಗಾರನೂ ಗುತ್ತಿಗೆ ನೌಕರಳೂ ಒಂದೇ ಗಾತ್ರ. ಮೊದಲ ಸುತ್ತಿನಲ್ಲಿ ನಾನು ಸಂಬಳದ ಚೀಟಿ ಕೇಳಿ ನೋಡಿದ್ದರೆ, ಅವಳು ಹಳೆಯ ಕೆಲಸ ಬಿಡುವ ಮೊದಲೇ ವಿಷಯ ಇತ್ಯರ್ಥವಾಗುತ್ತಿತ್ತು.

ಈಗ ಅವಳು ಮುಂದೆ ಏನು ಮಾಡಿದಳೆಂದು ಹೇಳುತ್ತೇನೆ, ಏಕೆಂದರೆ ಕೆಲಸ ಹುಡುಕುತ್ತಿರುವ ಕೇಳುಗರಿಗೆ ಬೇಕಾದದ್ದು ಅದು. ರೆಸ್ಯೂಮ್‌ನ ಒಂದು ಸಾಲನ್ನು ಮೂರು ಮಾಡಿದಳು. ಮೊದಲನೆಯದರಲ್ಲಿ ಜುಲೈಯಿಂದ ಡಿಸೆಂಬರ್ 2021, ಅಪ್ರೆಂಟಿಸ್. ಎರಡನೆಯದರಲ್ಲಿ ಏಜೆನ್ಸಿಯ ಹೆಸರನ್ನು ಮುಂದಿಟ್ಟು, ‘ಇವರ ಮೂಲಕ ಇಂಥ ಕಂಪನಿಯಲ್ಲಿ ನಿಯೋಜನೆ’ ಎಂದು ಬರೆದಳು. ಮೂರನೆಯದು ಕಂಪನಿಯ ಸ್ವಂತ ನೌಕರಿ. ತಿಂಗಳಷ್ಟೇ ಅಲ್ಲ, ದಿನಾಂಕವನ್ನೂ ಹಾಕಿದಳು, ಅದೂ ನೆನಪಿನಿಂದಲ್ಲ, ನೇಮಕಾತಿ ಪತ್ರ ಮತ್ತು ಪಿಎಫ್ ಪುಟ ಎರಡನ್ನೂ ಮುಂದಿಟ್ಟುಕೊಂಡು. ಹಾಗೆ ನೋಡುವಾಗ ಇನ್ನೊಂದು ಹುಳುಕು ಸಿಕ್ಕಿತು: ಏಜೆನ್ಸಿಯವರು ಅವಳ ಬಿಟ್ಟ ದಿನಾಂಕವನ್ನು ತುಂಬಿಯೇ ಇರಲಿಲ್ಲ. ದಾಖಲೆಯ ಪ್ರಕಾರ ಅವಳು ಅಲ್ಲಿಯೂ ಇದ್ದಳು, ಇಲ್ಲಿಯೂ ಇದ್ದಳು! ಎರಡು ಕಡೆ ಒಟ್ಟಿಗೆ ದುಡಿಯುವವರ ಮೇಲೆ ಕಂಪನಿಗಳು ಕಣ್ಣಿಟ್ಟಿರುವ ಈ ಕಾಲದಲ್ಲಿ ಇದು ಇನ್ನೊಂದು ಕೆಂಪಿಗೆ ಸಾಕು. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ಪೋರ್ಟಲ್‌ನ `Mark Exit` ಎಂಬಲ್ಲಿ ಸದಸ್ಯರೇ ಈ ದಿನಾಂಕವನ್ನು ತುಂಬಬಹುದು, ಅವಳು ತುಂಬಿದಳು. ಸೇರಿದ ದಿನಾಂಕವೇ ತಪ್ಪಾಗಿದ್ದರೆ 2024ರಲ್ಲಿ ಅಷ್ಟು ಸುಲಭವಿರಲಿಲ್ಲ, ಉದ್ಯೋಗದಾತರೂ ಸಹಿ ಹಾಕುವ ಜಂಟಿ ಘೋಷಣೆ ಬೇಕಾಗುತ್ತಿತ್ತು. ಉದ್ಯೋಗದಾತರ ಸಹಿ ಬೇಕಾದದ್ದನ್ನು ಕೆಲಸದಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಲೇಸು. ಬಿಟ್ಟ ಮೇಲೆ ನಮ್ಮ ಕಾಗದ ಅವರ ಮೇಜಿನಲ್ಲಿ ಮೇಲೆ ಬರುವುದಿಲ್ಲ.

ಮುಂದಿನ ಸಂದರ್ಶನ ಉಡುಪಿಯಲ್ಲಿ ನಡೆಯಿತು. ಮೂರು ಸಾಲು ನೋಡಿ ಅವರು ಕೇಳಿಯೇ ಕೇಳಿದರಂತೆ, ಇದೇಕೆ ಹೀಗೆ ಎಂದು. ಐದು ನಿಮಿಷದ ಮಾತು. ಏಜೆನ್ಸಿಯ ನೇಮಕಾತಿ ಪತ್ರ, ಪಿಎಫ್ ಪಾಸ್‌ಬುಕ್, ಸಂಬಳ ಬಿದ್ದ ಬ್ಯಾಂಕ್ ಖಾತೆಯ ಪುಟಗಳನ್ನು ತೋರಿಸಿದಳು. ಪರಿಶೀಲನೆಯ ಹೊತ್ತಿಗೆ ಆ ಏಜೆನ್ಸಿ ಮಂಗಳೂರಿನ ಕಚೇರಿಯನ್ನು ಮುಚ್ಚಿತ್ತು, ಪತ್ರಕ್ಕೆ ಉತ್ತರ ಬರಲಿಲ್ಲ. ವರದಿಯಲ್ಲಿ ಆ ಸಾಲಿನ ಮುಂದೆ ‘ನೇರವಾಗಿ ದೃಢಪಟ್ಟಿಲ್ಲ, ದಾಖಲೆಗಳು ಹೊಂದುತ್ತವೆ’ ಎಂದು ಬರೆದು ಹಳದಿ ಹಾಕಿದ್ದರು. ಉಡುಪಿಯವರಿಗೆ ಅದು ಮೊದಲೇ ಗೊತ್ತಿದ್ದ ಸಂಗತಿಯಾದ್ದರಿಂದ, ಅವಳು ಈಗಲೂ ಅಲ್ಲಿಯೇ ಕೆಲಸದಲ್ಲಿದ್ದಾಳೆ.

ನಮಸ್ಕಾರ.